ಒಂದೇ ಅಳತೆಯ ಚಿತ್ರಗಳು

ಕಚೇರಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಂದಾಗ, ಸಿಬ್ಬಂದಿಗೆ ಹಂತಹಂತವಾಗಿ ಹೇಳಿಕೊಡುವ ಕೈಪಿಡಿ ಮಾಡುವ ಕೆಲಸ ನಾದಿನಿಯ ಪಾಲಿಗೆ ಬಂತು. ಅದೇ ಕಚೇರಿಯಲ್ಲಿ ಅವಳ ಅತ್ತಿಗೆ ಗುಮಾಸ್ತೆ. ಕೈಪಿಡಿ ನೋಡಿಕೊಂಡು ಒಂದು ಬಿಲ್ಲನ್ನು ತಾವಾಗಿಯೇ ತುಂಬಬಲ್ಲವರಿಗೆ ಕುರ್ಚಿ, ಆಗದವರಿಗೆ ನೆಲಮಾಳಿಗೆಯ ಕಡತಗಳ ಕೋಣೆ ಎಂದು ಮ್ಯಾನೇಜರ್ ಸಾರಿಬಿಟ್ಟಿದ್ದ. ಆ ಕೋಣೆಯ ಧೂಳಿಗೆ ಅತ್ತಿಗೆಗೆ ಉಸಿರು ಕಟ್ಟುತ್ತಿತ್ತು.

ನಾದಿನಿ ಮೊದಲು ಕೆಲಸವನ್ನು ಸರಿಯಾಗಿಯೇ ಮಾಡಿದ್ದಳು. ಸ್ಕ್ರೀನ್‌ಶಾಟ್‌ಗಳ ಅಗಲ ಒಂದೇ, ಅಕ್ಷರದ ಗಾತ್ರ ಒಂದೇ, ಒತ್ತಬೇಕಾದ ಬಟನ್ ಸುತ್ತ ಕೆಂಪು ಚೌಕ. ಎತ್ತರ ಮಾತ್ರ ಪರದೆಯಲ್ಲಿ ಇದ್ದಷ್ಟು. ಮ್ಯಾನೇಜರ್ ಮೂಗು ಮುರಿದ.

"ಒಂದು ಉದ್ದ, ಒಂದು ಗಿಡ್ಡ. ಏನಮ್ಮ ಇದು, ಸಂತೆನಾ? ಎಲ್ಲಾ ಒಂದೇ ಸೈಜ್ ಇರ್ಲಿ."

ಉದ್ದನೆಯ ಫಾರಂ ಅನ್ನು ಎರಡು ಚಿತ್ರವಾಗಿ ಒಡೆಯಬಹುದಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಅವಳು ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಆರಿಸಿ, ಕೆಳಗಿನಿಂದ ಒಂದೇ ಎತ್ತರಕ್ಕೆ ಕತ್ತರಿಸಿಬಿಟ್ಟಳು. ಫಾರಂನ ಕೊನೆಯಲ್ಲಿದ್ದ 'ಉಳಿಸಿ' ಬಟನ್ ಕೆಂಪು ಚೌಕದ ಸಮೇತ ಹಾರಿಹೋಯಿತು. ಅವಳು ತಿರುಗಿ ನೋಡಲೇ ಇಲ್ಲ. ಚೆಂದ ಮಾಡಲು ಹೊರಟವರ ಕಣ್ಣಿಗೆ ಓದುವವರು ಬೀಳುವುದಿಲ್ಲ.

ಪರೀಕ್ಷೆಗೆ ಮೊದಲು ಕೂತವಳೇ ಅತ್ತಿಗೆ. ಬಿಲ್ಲಿನ ವಿವರವನ್ನೆಲ್ಲ ತಪ್ಪಿಲ್ಲದೆ ತುಂಬಿದಳು. ಆಮೇಲೆ ಕೈಪಿಡಿ ನೋಡಿದಳು. 'ಕೆಂಪು ಚೌಕದಲ್ಲಿರುವ ಬಟನ್ ಒತ್ತಿ' ಎಂದು ಬರೆದಿತ್ತು. ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ಹುಡುಕಿದಳು.

"ಇದ್ರಲ್ಲಿ ಕೆಂಪು ಚೌಕ ಇಲ್ವಲ್ಲೇ?"

ಪಕ್ಕದಲ್ಲೇ ನಿಂತಿದ್ದ ನಾದಿನಿ ಬಗ್ಗಿ ನೋಡಿದಳು. ಬಟನ್ ಇದ್ದ ಕೆಳಭಾಗವೇ ಚಿತ್ರದಲ್ಲಿರಲಿಲ್ಲ. ಮ್ಯಾನೇಜರ್ ಇತ್ತ ತಿರುಗಿದ್ದ.

"ಇದೆ ಅತ್ತಿಗೆ. ಸರಿಯಾಗಿ ನೋಡಿ."

ಅತ್ತಿಗೆ ಕನ್ನಡಕ ಒರೆಸಿಕೊಂಡಳು. ಕಾಣಲಿಲ್ಲ. ಗಾಬರಿಯಲ್ಲಿ ಪುಟ ತಿರುಗಿಸಿ, ಮುಂದಿನ ಚಿತ್ರದ ಚೌಕದಲ್ಲಿದ್ದ 'ಹೊಸ ಬಿಲ್' ಒತ್ತಿದಳು. ತುಂಬಿದ್ದೆಲ್ಲ ಅಳಿಸಿಹೋಗಿ ಖಾಲಿ ಫಾರಂ ಬಂತು.

"ಚಿತ್ರ ನೋಡಿ ಮಾಡೋಕೂ ಆಗಲ್ವಾ ನಿಮ್ಗೆ?" ಎಂದ ಮ್ಯಾನೇಜರ್. ಯಾರೋ ಕಿಸಕ್ಕೆಂದರು. ನಾದಿನಿ ಆ ಪ್ರತಿಯನ್ನು ಮೆಲ್ಲಗೆ ಎತ್ತಿಕೊಂಡು, ಉಳಿದವರ ಪರೀಕ್ಷೆ ನಾಳೆಗಿರಲಿ, ಒಂದೆರಡು ಅಕ್ಷರ ತಿದ್ದುವುದಿದೆ ಎಂದಳು.

ಮರುದಿನ ಫಾರಂ ಎರಡು ಚಿತ್ರವಾಗಿತ್ತು. ಎರಡೂ ಒಂದೇ ಅಳತೆ, ಎರಡನೆಯದರಲ್ಲಿ ಬಟನ್, ಕೆಂಪು ಚೌಕ. ಉಳಿದವರೆಲ್ಲರೂ ಪಾಸಾದರು. ಮ್ಯಾನೇಜರ್ ಕೈಪಿಡಿಯನ್ನು ಬಾಯಿತುಂಬ ಹೊಗಳಿದ.

ಸಂಜೆ ಅತ್ತಿಗೆ ಕೆಮ್ಮುತ್ತಾ ನೆಲಮಾಳಿಗೆಯಿಂದ ಮೇಲೆ ಬಂದಳು. ಮೇಜಿನ ಮೇಲಿದ್ದ ಕೈಪಿಡಿ ತೆರೆದು ಆ ಪುಟದ ಮೇಲೆ ಬೆರಳಿಟ್ಟಳು.

"ಇಷ್ಟು ದೊಡ್ಡದಾಗಿ ಇತ್ತಾ ಇದು? ನನ್ನ ಕಣ್ಣೇ ಹೋಗಿದೆ ಕಣೆ. ಎಲ್ರ ಮುಂದೆ ನಿನ್ನ ಕೆಲ್ಸದಲ್ಲಿ ತಪ್ಪು ಹುಡುಕೋಕೆ ಹೋದ್ನಲ್ಲ! ಬೇಜಾರ್ ಮಾಡ್ಕೋಬೇಡ."

ನಾದಿನಿ ಕೈಪಿಡಿಯನ್ನು ಮುಚ್ಚಿದಳು.

"ಇರ್ಲಿ ಬಿಡಿ ಅತ್ತಿಗೆ," ಎಂದಳು. "ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ."