ಅಸಲಿನ ಹತ್ತು ಅಕ್ಷರ

ದಸರಾ ಸೇಲಿನ ಮೊದಲ ದಿನ, ಬೆಳಿಗ್ಗೆ ಎಂಟಕ್ಕೆ, ಸೈದಾಪುರದ ಒಬ್ಬಾಕೆ ಫೋನ್ ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

“ಸಾವಿರದ ಮ್ಯಾಲ ತಗೊಂಡ್ರ ಕೂಪನ್‌ಗೆ ನೂರು ಕಮ್ಮಿ ಅಂತ ಬರದೀರಿ. ನಾ ಹದಿನಾಲ್ಕನೂರರ ಸೀರಿ ಹಾಕೀನಿ. ಕೂಪನ್ ನಡಿವಲ್ದು. ಮಂದಿಗೆ ಟೋಪಿ ಹಾಕಾಕತ್ತೀರೇನ್ರಿ?”

“ನೋಡ್ತೀನಿ ತಡೀರಿ ಅಕ್ಕಾರ,” ಎಂದೆ. ಸೈಟು ತೆರೆದೆ. ಆ ಸೀರೆಯ ಬೆಲೆ ಎರಡು ಸಾವಿರ. ಹದಿನಾಲ್ಕುನೂರು ಎಂಬುದು ಶೇಕಡಾ ಮೂವತ್ತು ಕಳೆದ ಮೇಲೆ ಬರಬೇಕಾದ ಬೆಲೆ. ಇಲ್ಲಿ ನೋಡಿದರೆ ಹದಿನಾಲ್ಕುನೂರನ್ನೇ ಹೊಡೆದುಹಾಕಿ, ಅದರ ಪಕ್ಕ ಒಂಬೈನೂರ ಎಂಬತ್ತು ಎಂದು ತೋರಿಸುತ್ತಿತ್ತು. ಸಾವಿರ ಮುಟ್ಟಲಿಲ್ಲ, ಕೂಪನ್ ನಡೆಯಲಿಲ್ಲ. ಪಾಪ, ಕೂಪನ್ ಸರಿಯಾಗಿಯೇ ಇತ್ತು.

ನಾನು ನುಜ್ಹತ. ಶಹಾಪುರ, ಯಾದಗಿರಿ, ಸುರಪುರ ಮೂರೂ ಕಡೆ ಬಟ್ಟೆ ಅಂಗಡಿ ಇಟ್ಟಿರುವ ಭಾಗಣ್ಣ ಸಾವಕಾರರ ವೆಬ್‌ಸೈಟು ನೋಡಿಕೊಳ್ಳುವವಳು. ಶಹಾಪುರದ ಅಂಗಡಿಯ ಅಟ್ಟದ ಮೇಲೆ, ಸೀರೆ ಗಂಟುಗಳ ನಡುವೆ ನನ್ನ ಮೇಜು. ಯುಗಾದಿಯಲ್ಲಿ ಸೇಲ್ ಮುಗಿದರೂ ಬ್ಯಾನರ್ ಎರಡು ದಿನ ಉಳಿದು ಗಿರಾಕಿಗಳಿಂದ ಬೈಸಿಕೊಂಡಿದ್ದೆವು. ರಮಜಾನಿನಲ್ಲಿ ಒಂದೇ ಆರ್ಡರಿಗೆ ಮೂರು ಕೂಪನ್ ಸೇರಿ ಒಬ್ಬನಿಗೆ ಲುಂಗಿ ಪುಕ್ಕಟೆ ಹೋಗಿತ್ತು. ಆಗಲೇ ಸಾವಕಾರರು ಹೇಳಿದ್ದರು: “ಇನ್ನೊಂದ್ ಸಲ ಹಿಂಗಾತಂದ್ರ ಇದನ್ನ ಬಂದ್ ಮಾಡಿಬಿಡೂಣು. ಮೊದಲಿನಂಗ ಫೋನಿನ ಮ್ಯಾಲ ನಡೀಲಿ ವ್ಯಾಪಾರ.” ಹಾಗಾದರೆ ನನ್ನ ಎರಡು ವರ್ಷದ ಕೆಲಸವೂ ಹೋಯಿತು, ಸಂಬಳವೂ ಹೋಯಿತು.

ಅದಕ್ಕೇ ಈ ಸಲ ಹದಿನೈದು ದಿನ ಕೂತು ನಿಯಮ ಕಟ್ಟಿದ್ದೆ. ಹಬ್ಬದ ರಿಯಾಯಿತಿ ಮೊದಲು, ಕೂಪನ್ ಆಮೇಲೆ. ಒಂದು ಆರ್ಡರಿಗೆ ಒಂದೇ ಕೂಪನ್. ಸಾವಿರದ ಲೆಕ್ಕ ರಿಯಾಯಿತಿ ಕಳೆದ ಮೊತ್ತದ ಮೇಲೆ. ಕೊನೆಗೆ ತಳದ ಬೆಲೆ: ಯಾವ ರಿಯಾಯಿತಿ ಎಷ್ಟೇ ಸೇರಿದರೂ ಅದರ ಕೆಳಗೆ ಸೀರೆ ಇಳಿಯಕೂಡದು. ಅದಕ್ಕೆ ಪ್ರತಿ ಸೀರೆಯ ಅಸಲು ಬೇಕಿತ್ತು, ಅಂದರೆ ಸಾವಕಾರರು ಕೊಂಡ ಬೆಲೆ.

ಅಸಲು ಕೇಳಿದ್ದೇ ತಡ, ಅವರ ಮುಖ ಬೇರೆಯಾಯಿತು. ಇಲ್ಲಿಯ ಹಳೆಯ ಬಟ್ಟೆ ವ್ಯಾಪಾರಿಗಳಂತೆ ಅವರೂ ಅಸಲನ್ನು ಚೀಟಿಯ ಮೇಲೆ ಗುಟ್ಟಿನ ಅಕ್ಷರದಲ್ಲಿ ಬರೆಯುತ್ತಾರೆ. ಹತ್ತು ಅಂಕಿಗೆ ಹತ್ತು ಅಕ್ಷರ. ಅವರಪ್ಪ ಸಾಯುವ ಮುಂಚೆ ಅವರಿಗೊಬ್ಬರಿಗೇ ಹೇಳಿದ್ದು. ಹೆಂಡತಿ ಸೌಭಾಗ್ಯಮ್ಮನಿಗೂ ಗೊತ್ತಿಲ್ಲ. ಗಿರಾಕಿಯ ಕಣ್ಣೆದುರೇ ಚೀಟಿ ತಿರುಗಿಸಿ ಓದಿ, ಎಲ್ಲಿಗೆ ಇಳಿಯಬಹುದು ಎಂದು ಅಲ್ಲೇ ತೀರ್ಮಾನಿಸುತ್ತಾರೆ. “ಅದನ್ನ ಕಂಪ್ಯೂಟರಿಗೆ ಹೇಳೂದಾ?” ಎಂದು ನಕ್ಕರು. ನಾನು ಹಟ ಬಿಡಲಿಲ್ಲ. ತಳದ ಬೆಲೆ ತುಂಬದೆ ಸೀರೆ ಸೈಟಿಗೆ ಏರದಂತೆ ಮಾಡಿದೆ. ವಾರದೊಳಗೆ ಸಾವಕಾರರ ಕಡೆಯಿಂದ ಮುನ್ನೂರ ಹನ್ನೆರಡು ಸೀರೆಗೂ ತಳ ತುಂಬಿ ಬಂತು. ಗೆದ್ದೆ ಅಂದುಕೊಂಡೆ.

ಈಗ ಸೇಲ್ ನಿಲ್ಲಿಸಿ ಬೆಲೆ ಬದಲಾದ ದಾಖಲೆ ತೆಗೆದೆ. ನಿನ್ನೆ ಸಂಜೆ ಏಳು ಹತ್ತಕ್ಕೆ ಶುರುವಾಗಿ, ಸುರಪುರದ ಅಂಗಡಿಯಿಂದ ಒಂದೊಂದಾಗಿ ಎಲ್ಲ ಬೆಲೆಯೂ ಬದಲಾಗಿತ್ತು. ಅಲ್ಲಿಯ ಮ್ಯಾನೇಜರ್ ಲಾಲಪ್ಪನಿಗೆ ಫೋನ್ ಹಚ್ಚಿದೆ.

“ಹೌದು, ನಾನೇ ಇಳಿಸೀನಿ,” ಎಂದ. “ಸಾವಕಾರ್ರು ನಿನ್ನಿ ಸಂಜಿಗೇ ಬ್ಯಾನರ್ ಹಾಕಿಸಿದ್ರು. ಮೂವತ್ತು ಪರ್ಸೆಂಟ್ ಅಂತ ಬರದದ, ಒಳಗ ನೋಡಿದ್ರ ರೇಟು ಇದ್ದಂಗೇ ಅದ. ನೀ ಮರ್ತಿ ಅನ್ಕೊಂಡು ನಾನೇ ಒಂದೊಂದಾಗಿ ಕಮ್ಮಿ ಮಾಡ್ದೆ. ಕೈ ನೋವು ಬಂದದ ನೋಡು.”

“ಲಾಲಪ್ಪಣ್ಣಾ, ರಿಯಾಯಿತಿ ಇವತ್ತು ಮುಂಜಾನಿ ಆರಕ್ಕ ತಾನ ಸುರು ಆಗೂದಿತ್ತು. ನೀವು ಇಳಿಸಿದ್ದರ ಮ್ಯಾಲ ಅದು ಮತ್ತ ಮೂವತ್ತು ಇಳಿಸ್ಯದ.”

“ಒಂದ್ ಮಾತು ಹೇಳಬೇಕಿತ್ತಿಲ್ಲ?”

ಮೂರು ಸಲ ಹೇಳಿದ್ದೆ. ಬರೆದೂ ಕಳಿಸಿದ್ದೆ. ಇರಲಿ, ನನಗೆ ಕಾಡಿದ್ದು ಬೇರೆ: ತಳದ ಬೆಲೆ ಯಾಕೆ ತಡೆಯಲಿಲ್ಲ? ಆ ಕಾಲಮ್ಮು ತೆರೆದು ನೋಡಿದೆ. ಒಂದು ರೂಪಾಯಿ. ಒಂದು ರೂಪಾಯಿ. ಮುನ್ನೂರ ಹನ್ನೆರಡು ಸೀರೆಗೂ ಒಂದೇ ಒಂದು ರೂಪಾಯಿ. ಅಂಕಿ ಇದೆಯೇ ಎಂದು ನೋಡುವಂತೆ ಮಾಡಿದ್ದೆ, ಅದು ನಿಜವೇ ಎಂದು ನೋಡುವ ಬುದ್ಧಿ ನನಗೂ ಇರಲಿಲ್ಲ. ಸಿಟ್ಟಿಗೆ ಅಳು ಬಂತು.

ಕೆಳಗಿಳಿದು ಹೋದೆ. ಸಾವಕಾರರು ಗಾದಿಯ ಮೇಲೆ ಕೂತು ಊದುಬತ್ತಿ ಹಚ್ಚುತ್ತಿದ್ದರು. ಎಲ್ಲ ಹೇಳಿದೆ.

“ನಿನ್ನ ಕಂಪ್ಯೂಟರಿಗೆ ಲೆಕ್ಕನ ಬರಂಗಿಲ್ಲ,” ಎಂದರು.

“ಲೆಕ್ಕ ಸರಿ ಅದ ಸಾವಕಾರ್ರ. ಬ್ಯಾನರ್ ಮೊದಲ ಹಾಕಿದವ್ರು ನೀವು. ತಳಕ್ಕ ಒಂದ್ ರೂಪಾಯಿ ಹಾಕ್ಸಿದವ್ರೂ ನೀವೇ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಸೈದಾಪುರದಾಕೆ ಕೇಳಿದ ಸೀರೆಯನ್ನೇ ಎಳೆದು ಚೀಟಿ ತಿರುಗಿಸಿ ಓದಿದರು. “ಎಷ್ಟು ಆರ್ಡರ್ ಬಂದಾವ?”

“ನಲವತ್ತೊಂದು. ಇದೇ ಸೀರಿ, ಬಹಳ ಮಂದಿ ಎರಡೆರಡು ತಗೊಂಡಾರ. ಎರಡಕ್ಕ ಹತ್ತೊಂಬತ್ತನೂರ ಅರವತ್ತು. ಅದು ಸಾವಿರ ದಾಟ್ತದ, ಕೂಪನ್ ನಡೀತದ. ಹದಿನೆಂಟನೂರ ಅರವತ್ತಕ್ಕ ಹೋಗ್ಯಾವ.”

“ಅಯ್ಯೋ ಶಿವನ. ಎರಡರ ಮ್ಯಾಲ ಕೈಯಿಂದ ನಾಕನೂರ ನಲವತ್ತು ಹೋತು.”

“ಎಲ್ಲಾ ಕ್ಯಾನ್ಸಲ್ ಮಾಡ್ಲೇನ್ರಿ? ರೊಕ್ಕ ವಾಪಸ್ ಕಳಸ್ಬೇಕಾಗ್ತದ.”

ಊದುಬತ್ತಿಯನ್ನು ಸಿಕ್ಕಿಸಿ, ದೇವರ ಫೋಟೊ ಕಡೆ ನೋಡಿ, ನನ್ನ ಕಡೆ ನೋಡಿದರು. “ರೇಟ್ ಹೇಳಿ, ರೊಕ್ಕ ಇಸ್ಕೊಂಡು, ಹಬ್ಬದ ದಿನ ಇಲ್ಲಂತ ಹೆಂಗ ಅನ್ಲಿ? ನಮ್ಮಪ್ಪ ಹಂಗ ಮಾಡಿಲ್ಲ. ಕಳ್ಸು. ಆದ್ರ ಇವತ್ತಿಗೆ ಈ ಸೈಟ್ ಬಂದ್.”

ನನ್ನ ಬಾಯಿ ಆಗಲೇ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. “ಹದಿನೆಂಟನೂರ ಅರವತ್ತಕ್ಕ ನಾಕನೂರ ನಲವತ್ತು ಕೂಡ್ಸಿದ್ರ ಇಪ್ಪತ್ಮೂರನೂರು. ಅಂದ್ರ ಒಂದಕ್ಕ ಹನ್ನೊಂದನೂರ ಐವತ್ತು ನಿಮ್ಮ ಅಸಲು.”

ಅವರು ಥಟ್ಟನೆ ಚೀಟಿಯ ಮೇಲೆ ಕೈ ಮುಚ್ಚಿದರು. ತಡವಾಗಿತ್ತು. ನಾಲ್ಕು ಅಕ್ಷರ ಓದಿಯಾಗಿತ್ತು. ಮೊದಲಿನವೆರಡೂ ಒಂದೇ.

“ಮೂರು ಅಕ್ಷರ ಸಿಕ್ಕಾವ,” ಎಂದೆ. “ಉಳಿದ ಏಳು ನೀವ ಹೇಳ್ರಿ. ಇಲ್ಲಾಂದ್ರ ಬಂದ್ ಮಾಡ್ರಿ, ನಾ ಮನಿಗೆ ಹೋಗ್ತೀನಿ. ತಳ ಇಲ್ಲದ ಸೇಲ್ ನಾ ಇನ್ನ ನಡಸಂಗಿಲ್ಲ.”

ಅವರು ಚೀಟಿಯ ಮೇಲಿನ ಕೈ ತೆಗೆದರು. ಆಮೇಲೆ ಸೌಭಾಗ್ಯಮ್ಮ ಒಳಗಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಒಂದೊಂದೇ ಅಕ್ಷರ ಹೇಳಿದರು. ಆ ಹತ್ತು ಯಾವುವು ಎಂದು ಇಲ್ಲಿ ಬರೆಯುವುದಿಲ್ಲ. “ಈ ಗುಟ್ಟು ಮೂವತ್ತೆರಡು ವರ್ಷ ಕಾದೀನವ್ವಾ,” ಎಂದರು. ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ, ಸಂಕಟವಾಯಿತು.

ಮೂಲ ಬೆಲೆ ತಿರುಗಿ ಹಾಕಿದೆ. ಸೇಲ್ ನಡೆಯುವಾಗ ಯಾರೂ ಬೆಲೆ ಮುಟ್ಟದಂತೆ ಬೀಗ ಜಡಿದೆ. ಬ್ಯಾನರಿಗೂ ರಿಯಾಯಿತಿಗೂ ಒಂದೇ ಗಂಟೆ ಕಟ್ಟಿದೆ. ಸಾವಕಾರರು ಒಂದೊಂದೇ ಚೀಟಿ ಕೊಡುತ್ತ ಹೋದರು, ನಾನು ಅಸಲು ತುಂಬುತ್ತ ಹೋದೆ. ಮಧ್ಯಾಹ್ನಕ್ಕೆ ಸೇಲ್ ಮತ್ತೆ ತೆರೆಯಿತು. ಸೈದಾಪುರದಾಕೆಗೆ ನಾನೇ ಫೋನ್ ಮಾಡಿ, ಒಂಬೈನೂರ ಎಂಬತ್ತಕ್ಕೇ ಸೀರೆ ಕೊಡಿಸಿದೆ. “ಮತ್ತ ಆ ನೂರು?” ಎಂದಳು.

ಸಂಜೆ ಮನೆಗೆ ಹೋದವಳೇ ಅಮ್ಮನ ಟ್ರಂಕು ತೆಗೆದೆ. ರಮಜಾನಿಗೆ ಅಮ್ಮನಿಗೆಂದು ಸಾವಕಾರರ ಹತ್ತಿರವೇ ಒಂದು ಸೀರೆ ಕೊಂಡಿದ್ದೆ. “ಅಸಲಿಗೇ ಕೊಟ್ಟೀನವ್ವಾ, ಒಂದ್ ರೂಪಾಯಿ ಹಿಡಿದಿಲ್ಲ,” ಎಂದು ಹನ್ನೆರಡುನೂರು ತೆಗೆದುಕೊಂಡಿದ್ದರು. ಯಾವ ವ್ಯಾಪಾರಿ ಅಸಲಿಗೆ ಕೊಟ್ಟಾನು ಎಂದು ಅಮ್ಮ ನಾನು ಇಬ್ಬರೂ ನಕ್ಕಿದ್ದೆವು. ಯಾವುದಾದರೂ ಮದುವೆಗೆ ಉಡುತ್ತೇನೆಂದು ಅಮ್ಮ ಚೀಟಿಯನ್ನೂ ಕಿತ್ತಿರಲಿಲ್ಲ. ಇವತ್ತು ಸುಳ್ಳು ಸಿಕ್ಕಿಬೀಳುತ್ತದೆ ಎಂದು ಚೀಟಿ ತಿರುಗಿಸಿದೆ.

ನಾಲ್ಕು ಅಕ್ಷರ. ಒಂದು, ಮೂರು, ಐದು, ಸೊನ್ನೆ.

ಸುಳ್ಳೇ ಹೇಳಿದ್ದರು. ಅಸಲು ಹದಿಮೂರುನೂರ ಐವತ್ತು. ನನ್ನ ತಳದ ನಿಯಮ ಆಗಲೇ ಇದ್ದಿದ್ದರೆ ಈ ಸೀರೆ ನಮ್ಮ ಮನೆಗೆ ಬರುತ್ತಿರಲಿಲ್ಲ.