ತೊಂಬತ್ತನೇ ದಿನದ ರಿಪೋರ್ಟು

ರಾಜೀವನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುವಾಗ ನನಗೆ ಅದನ್ನು ಅವನ ಕುತ್ತಿಗೆಗೇ ಬಿಗಿಯಬೇಕೆನಿಸಿತು. ಇದೇ ತೋಳು ಏಳು ದಿನದ ಹಿಂದೆ ಅವನ ಹೆಂಡತಿಯಾದ ನನ್ನ ತಂಗಿ ದೀಪಿಕಾಳನ್ನು ಗೋಡೆಗೆ ಅಪ್ಪಳಿಸಿ ಅವಳ ಎಡಗೈ ಮುರಿದಿತ್ತು. ನಾನು ಭಟ್ಕಳದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಪಟ್ಟಿಯನ್ನು ತೋಳಿಗೇ ಬಿಗಿದು ರಕ್ತ ತೆಗೆದೆ.

ಬೆಳಕೆ ಊರಿನ ಮೀನುಗಾರಿಕೆ ಬೋಟಿನಲ್ಲಿ ದುಡಿಯುವ ರಾಜೀವ ವಾಟ್ಸಾಪಿನ ಒಂದು ಗುಂಪಿಗೆ ಸೇರಿದ್ದ. ಸಂದೇಶ ಎಂಬ ಜಿಮ್ಮಿನವನು ಅದರ ಯಜಮಾನ. ತೊಂಬತ್ತು ದಿನ ವೀರ್ಯ ಕಳೆದುಕೊಳ್ಳಬಾರದು. ದಿನಾ ಬೆಳಿಗ್ಗೆ ಎಷ್ಟನೇ ದಿನವೆಂದು ಗುಂಪಿನಲ್ಲಿ ಹಾಕಬೇಕು. ತಪ್ಪಿದರೆ ಸೊನ್ನೆಯಿಂದ ಶುರು. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಎರಡು ಪಟ್ಟು ಏರುತ್ತದೆ, ಗಂಡಸು ಹುಲಿಯಾಗುತ್ತಾನೆ ಎಂದು ಸಂದೇಶನ ಮಾತು. ಸಾಬೀತಿಗೆ ಮೊದಲ ದಿನ ಒಂದು ಟೆಸ್ಟು, ಕೊನೆಯ ದಿನ ಒಂದು. ಮೊದಲನೆಯದಕ್ಕೂ ರಕ್ತ ತೆಗೆದವಳು ನಾನೇ.

ಎಂಬತ್ತಮೂರನೇ ದಿನ ಬೆಳಗಿನ ಜಾವ ದೀಪಿಕಾ ನಿದ್ದೆಗಣ್ಣಲ್ಲಿ ಅವನ ಬೆನ್ನ ಮೇಲೆ ಕೈ ಹಾಕಿದಳು. ಅಷ್ಟೇ. ಅವನು ಎದ್ದವನೇ ಹೊಟ್ಟೆಗೆ ಒದ್ದ, ಜುಟ್ಟು ಹಿಡಿದು ಎಳೆದ, ಗೋಡೆಗೆ ಬಡಿದ. ‘ನನ್ನ ಲೆಕ್ಕ ಕೆಡಿಸೂಕೆ ಬಂದ್ಯಾ’ ಎಂದು ಬಡಿಯುತ್ತಲೇ ಇದ್ದನಂತೆ.

ಆಸ್ಪತ್ರೆಯಲ್ಲಿ ಅವಳು ಬಾವಿಕಟ್ಟೆಯಲ್ಲಿ ಜಾರಿದೆ ಎಂದಳು. ಹಾಗೆ ಹೇಳಿಸಿದವಳು ಅತ್ತೆ, ಮೀನು ಮಾರುವ ಕಮಲಿ. ತಂಗಿಯನ್ನು ನಮ್ಮ ಮನೆಗೆ ಕರೆತಂದ ಮೇಲೆ ನನ್ನ ಹತ್ತಿರ ಅವಳದು ಬೇರೆ ರಾಗ: ‘ಅವ್ನ ತಪ್ಪಲ್ಲ ಮಗಾ. ಶಕ್ತಿ ರಕ್ತಕ್ಕೆ ಏರಿತ್ತ್, ಕೈ ನಿಲ್ಲೂದಿಲ್ಲ. ತೊಂಬತ್ತು ಮುಗೀಲಿ, ಇಳೀತದೆ. ಆಮೇಲೆ ಹುಡುಗಿನ ಕಳ್ಸಿ.’ ನನ್ನಪ್ಪನೂ ಹೂಂ ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ತೊಂಬತ್ತನೇ ದಿನ ಬೆಳಿಗ್ಗೆ ಎಂಟಕ್ಕೆ ಅವನು ಖಾಲಿ ಹೊಟ್ಟೆಯಲ್ಲಿ ಬಂದ. ಮೊದಲ ಸಲವೂ ಅದೇ ಹೊತ್ತು, ಅದೇ ಮಷೀನು. ಈ ಹಾರ್ಮೋನು ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಹಾಗಾಗಿ ಹೊತ್ತು ಒಂದೇ ಇದ್ದರೆ ಮಾತ್ರ ಹೋಲಿಕೆ.

ಸಂಜೆ ರಿಪೋರ್ಟಿಗೆ ಅವನು ತಾಯಿಯ ಜೊತೆ ಬಂದ. ಆಸ್ಪತ್ರೆಗೆ ಕೈ ತೋರಿಸಿ ಬಂದ ದೀಪಿಕಾ ನನ್ನ ಜೊತೆ ಮನೆಗೆ ಹೋಗಲು ಪ್ಲಾಸ್ಟರಿನ ಕೈಯಲ್ಲೇ ಬೆಂಚಿನಲ್ಲಿ ಕೂತಿದ್ದಳು. ರಾಜೀವ ಫೋನಿನಲ್ಲಿ ವಿಡಿಯೋ ಹಚ್ಚಿ ಹಿಡಿದ.

‘ದೊಡ್ಡಕೆ ಓದಿ ಅರ್ಚನಕ್ಕ. ಗುಂಪಿಗೆ ಹಾಕ್ಬೇಕು.’

‘ಎಲ್ಲರೆದುರೂ ಓದ್ಲಾ?’

‘ಓದಿ ಓದಿ. ಅಬ್ಬಿನೂ ಕೇಳ್ಲಿ’ ಎಂದು ತಾಯಿಯ ಕಡೆ ನೋಡಿದ.

ಓದಿದೆ. ‘ಮೊದಲನೇ ದಿನ ನಾನೂರ ಮೂವತ್ತೆಂಟು. ಇವತ್ತು ನಾನೂರ ಇಪ್ಪತ್ತೊಂದು.’

ಕಮಲಿ ನನ್ನ ಮುಖ ನೋಡಿದಳು. ‘ಹಾಂಗಂದ್ರೆ ಎಂತ?’

‘ಏರಲೇ ಇಲ್ಲ ಅತ್ತೆ. ಇಷ್ಟು ವ್ಯತ್ಯಾಸ ದಿನಾ ಆಗ್ತದೆ. ಮುನ್ನೂರರಿಂದ ಸಾವಿರದವರೆಗೆ ಮಾಮೂಲಿ. ಅಂದೂ ಮಾಮೂಲಿ, ಇಂದೂ ಮಾಮೂಲಿ.’

‘ಏಳನೇ ದಿನ ಏರ್ತದೆ ಅಂತ ವಿಜ್ಞಾನಿಗಳೇ ಹೇಳಿದಾರೆ’ ಎಂದು ರಾಜೀವ ಗುಡುಗಿದ.

‘ಇಪ್ಪತ್ತೆಂಟು ಜನರ ಮೇಲೆ ಮಾಡಿದ ಪರೀಕ್ಷೆ ಅದು. ನಮ್ಮ ಡಾಕ್ಟರನ್ನ ಕೇಳಿದೆ. ಏಳನೇ ದಿನ ಏರಿದ್ದು ಅಲ್ಲಿಗೇ ನಿಂತಿತ್ತಂತೆ, ದಿನ ಹೆಚ್ಚಾದಂತೆ ಹೆಚ್ಚಾಗಲಿಲ್ಲ. ಆ ಲೇಖನವನ್ನೇ ಆಮೇಲೆ ವಾಪಸ್ ತಗೊಂಡರು. ಇನ್ನು, ಎರಡು ಪಟ್ಟೇ ಏರಿದ್ರೂ ಅದು ಯಾರ ಕೈಯನ್ನೂ ಹಿಡಿದು ಎತ್ತೂದಿಲ್ಲ.’

ಅವನು ಮುಷ್ಟಿಯಿಂದ ಕೌಂಟರಿನ ಗಾಜಿಗೆ ಗುದ್ದಿದ. ಗಾಜು ಪುಡಿಯಾಯಿತು. ರಕ್ತ ಸುರಿಯುವ ಅದೇ ಕೈಯಿಂದ ದೀಪಿಕಾಳ ಜುಟ್ಟು ಹಿಡಿದು ಬೆಂಚಿನಿಂದ ಕೆಳಗೆಳೆದ. ‘ಇವ್ಳೇ ಕೆಡ್ಸಿದ್ದು. ಇವ್ಳು ಮುಟ್ಟಿ ಎಲ್ಲಾ ಇಳಿದು ಹೋತು.’ ಪ್ಲಾಸ್ಟರಿನ ಕೈಯನ್ನೇ ತುಳಿದ. ಅವಳು ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಸ್ಟೂಲು ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ಅವನು ಕದಲಲಿಲ್ಲ.

ಕಮಲಿ ನಡುವೆ ನುಗ್ಗಿದಳು. ಅವನು ತಾಯಿಯ ಮೇಲೂ ಕೈ ಎತ್ತಿದ. ಎತ್ತಿದ ಕೈ ಅವಳ ಮುಖದ ಹತ್ತಿರ ಬಂದು ನಿಂತುಬಿಟ್ಟಿತು. ತಾಯಿಯಲ್ಲವೇ, ಹೊಡೆಯಲಾಗಲಿಲ್ಲ.

ಕಮಲಿ ಆ ಕೈಯನ್ನೇ ನೋಡುತ್ತ ನಿಂತಳು.

‘ನಿಲ್ತದಲ್ಲ ಕೈ’ ಎಂದಳು. ದನಿ ಬಹಳ ಮೆತ್ತಗಿತ್ತು.

ಅಷ್ಟರಲ್ಲಿ ಪಕ್ಕದ ಅಂಗಡಿಯವರು ಬಂದು ಅವನನ್ನು ಹಿಡಿದುಕೊಂಡರು.

ಠಾಣೆಯಲ್ಲಿ ಪೊಲೀಸರು ಆಸ್ಪತ್ರೆಯ ಹಳೇ ಚೀಟಿ ನೋಡಿ, ‘ಇದ್ರಲ್ಲಿ ಬಾವಿಕಟ್ಟೆಯಲ್ಲಿ ಜಾರಿದ್ದು ಅಂತ ಇದೆಯಲ್ಲ’ ಎಂದರು. ದೀಪಿಕಾ ತಲೆ ತಗ್ಗಿಸಿದಳು. ಕಮಲಿ ಸೆರಗಿನಿಂದ ಮುಖ ಒರೆಸಿಕೊಂಡು ಮೇಜಿನ ಮುಂದೆ ಬಂದಳು.

‘ನಮ್ಮನೆ ಬಾವಿಗೆ ಕಟ್ಟೆಯೇ ಇಲ್ಲ ಸಾಯ್ಬ್ರೇ. ನನ್ನ ಮಗ ಹೊಡ್ದದ್ದು. ಸುಳ್ಳು ಹೇಳ್ಸಿದ್ದು ನಾನು. ಎರಡೂ ಬರ್ಕೊಳಿ.’