ಹೊದಿಕೆ ದಾಟಿದ ಶಿಖರ

ಅತಿಥಿ ಉಪನ್ಯಾಸಕಿಯ ಕೆಲಸಕ್ಕೆಂದು ಯಲ್ಲಾಪುರದ ಮುಬಶ್ಶಿರಾ ಶಿರಸಿಯ ಕಾಲೇಜೊಂದರಲ್ಲಿ ಮಾದರಿ ಪಾಠ ಮಾಡುತ್ತಿದ್ದಳು. ಬೆವರಿಗೆ ಸೀಮೆಸುಣ್ಣ ಜಾರುತ್ತಿತ್ತು. ಇ ಘಾತ ಮೈನಸ್ ಎಕ್ಸ್ ಗುಣಿಸು ಸೈನ್ ಎಕ್ಸ್ ಎಂದು ಬರೆದು, ಅಕ್ಷದ ಮೇಲೂ ಕೆಳಗೂ, ಅಲೆ ದಾಟಬಾರದ ಎರಡು ಹೊದಿಕೆ ಗೆರೆಗಳನ್ನು ಅಕ್ಷದತ್ತ ಬಾಗುವಂತೆ ಚುಕ್ಕೆಯಲ್ಲಿ ಎಳೆದಳು. ಪೈ, ಎರಡು ಪೈ, ಮೂರು ಪೈಗಳಲ್ಲಿ ಸೊನ್ನೆ ಗುರುತಿಸಿ, ಅಲೆ ಕುಗ್ಗಿದರೂ ಈ ಅಂತರ ಕುಗ್ಗುವುದಿಲ್ಲ ಎಂದಳು. ಆಮೇಲೆ ಪೈ ಬೈ ಟೂನಲ್ಲಿ ಮೇಲಿನ ಹೊದಿಕೆಗೆ ತಾಗುವಂತೆ ದುಂಡನೆಯ ಶಿಖರ ಬರೆದಳು.

ಹಿಂದಿನ ಬೆಂಚಿನಿಂದ ವಿಭಾಗದ ಮುಖ್ಯಸ್ಥ ಮಧುಕೇಶ್ವರ ಕೇಳಿದರು, "ಎಂತ ಮೇಡಂ, ಶಿಖರ ಅಲ್ಲೇ ಬರ್ತದಾ?"

ಅವಳು ಕೆಲಸ ಹೋಯಿತು ಎಂದುಕೊಂಡೇ ಬೋರ್ಡು ನೋಡಿದಳು. ಶಿಖರದ ಬಲಭುಜ ಹೊದಿಕೆಯನ್ನು ದಾಟಿ ಹೊರಗೆ ಬಂದಿತ್ತು.

"ಇಲ್ಲ ಸರ್, ತಪ್ಪು ಬರೆದೆ. ಹೊದಿಕೆ ತಾಗೋ ಜಾಗದಲ್ಲಿ ಅಲೆಯೂ ಅದರ ಜೊತೆಗೇ ಇಳೀತಾ ಇರಬೇಕು. ಶಿಖರ ಅದಕ್ಕೂ ಮೊದಲೇ, ಪೈ ಬೈ ಫೋರ್‌ನಲ್ಲಿ."

ಸರಿಯಾದ ಅಲೆಯನ್ನು ಪಕ್ಕದಲ್ಲೇ ಎಳೆದು, ಹಳೆಯದನ್ನು ಅಳಿಸಲು ಡಸ್ಟರಿಗೆ ಕೈ ಚಾಚಿದಳು.

"ಒರೆಸ್ಬೇಡಿ, ಎರಡೂ ಇರ್ಲಿ," ಎಂದರು ಮಧುಕೇಶ್ವರ. "ಸೋಮವಾರ ಮಕ್ಕಳಿಗೂ ಹೀಗೇ ತೋರಿಸಿ. ಅವರೂ ಇದೇ ತಪ್ಪು ಮಾಡ್ತಾರೆ."

ಸೋಮವಾರ ಎಂದರೆ ಕೆಲಸ ತನಗೇ ಸಿಕ್ಕಿತು ಎಂದೇ ಎಂದು ಕೇಳಲು ಅವಳಿಗೆ ಇನ್ನೂ ಧೈರ್ಯವಾಗಲಿಲ್ಲ.